ಹದಿನಾಲ್ಕು ದಿನದ ಮುಟ್ಟು ಒಂದೂವರೆ ದಿನಕ್ಕೆ ಇಳಿದಾಗ: ಒಂದು ಥೈರಾಯ್ಡ್ ಪ್ರಕರಣ

ಇದು ನಾನು ನೋಡಿದ ಒಬ್ಬರ ಪ್ರಕರಣ. ಹೆಸರು, ಊರು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಅವರನ್ನು ಸುಜಾತ ಎಂದು ಕರೆಯೋಣ. ಥೈರಾಯ್ಡ್ ಕಮ್ಮಿಯಾದಾಗ ಮುಟ್ಟು ಹೇಗಾಗುತ್ತದೆ, ಜಾಸ್ತಿಯಾದಾಗ ಹೇಗಾಗುತ್ತದೆ ಎಂಬ ಎರಡನ್ನೂ ಹದಿನೈದು ತಿಂಗಳಲ್ಲಿ ಒಂದೇ ದೇಹದಲ್ಲಿ ನೋಡಿದೆ. ಮೊದಲನೆಯದು ಕಾಯಿಲೆ. ಎರಡನೆಯದರಲ್ಲಿ ನನ್ನ ತಪ್ಪಿನ ಪಾಲು ದೊಡ್ಡದು. ಅದಕ್ಕೇ ಬರೆಯುತ್ತಿದ್ದೇನೆ.

ಬಂದಾಗ ಹೇಗಿದ್ದರು

ಸಂಕ್ರಾಂತಿ ಕಳೆದ ವಾರ. ಸುಜಾತ ತಮ್ಮ ನಾದಿನಿಯ ಜೊತೆ ಬಂದರು. ವಯಸ್ಸು 41. ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಇಬ್ಬರು ಮಕ್ಕಳು, ಕಿರಿಯ ಮಗನಿಗೆ ಹದಿನಾಲ್ಕು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಹಳೆಯ ಚೀಟಿ, ಸ್ಕ್ಯಾನಿಂಗ್ ರಿಪೋರ್ಟು. ಬೇರೆ ಕಡೆ ತೋರಿಸಿ, ಗರ್ಭಕೋಶ ತೆಗೆಸುವುದು ಎಂದು ತೀರ್ಮಾನವಾಗಿತ್ತು. ಯುಗಾದಿಗೆ ಮುಂಚೆ ಆಪರೇಷನ್ ಆಗಬೇಕು ಅಂತ ದಿನವೂ ಗೊತ್ತಾಗಿತ್ತು. ರಕ್ತ ಕಮ್ಮಿ ಇದೆ, ಮೊದಲು ಅದನ್ನು ಸರಿಮಾಡಿಸಿಕೊಂಡು ಬನ್ನಿ ಎಂದಿದ್ದರಂತೆ. ನನ್ನ ಹತ್ತಿರ ಬಂದದ್ದು ಅಷ್ಟಕ್ಕೇ.

ಮಾತಾಡಿದ್ದು ಹೆಚ್ಚಾಗಿ ನಾದಿನಿ. "ಅತ್ತಿಗೆಗೆ ಹೊರಗಾದ್ರೆ ಹದಿನಾಲ್ಕು ದಿನ ನಿಲ್ಲಲ್ಲ ಡಾಕ್ಟ್ರೇ. ಗಡ್ಡೆ ಗಡ್ಡೆ ಹೋಗುತ್ತೆ. ಮಷಿನ್ ಮುಂದೆ ಕೂರೋಕೆ ಆಗಲ್ಲ, ಎದ್ರೆ ಸೀರೆ ಒದ್ದೆ."

ಮುಟ್ಟಿನ ವಿಷಯದಲ್ಲಿ "ಜಾಸ್ತಿ" ಎಂಬ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಲೆಕ್ಕ ಕೇಳಿದೆ. ಮೊದಲ ನಾಲ್ಕು ದಿನ ಎರಡು ಗಂಟೆಗೊಂದು ಪ್ಯಾಡು. ರಾತ್ರಿ ಎರಡು ಸಲ ಏಳಬೇಕು. ಗಡ್ಡೆಗಳು ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡವು. ಒಂದು ಮುಟ್ಟಿನಿಂದ ಇನ್ನೊಂದಕ್ಕೆ ಕೆಲವು ಸಲ 22 ದಿನ, ಕೆಲವು ಸಲ 50 ದಿನ. ಎರಡು ವರ್ಷದ ಹಿಂದೆ ಎಲ್ಲ ಸರಿಯಾಗಿಯೇ ಇತ್ತು, 30 ದಿನಕ್ಕೆ ಬಂದು ಐದು ದಿನಕ್ಕೆ ಮುಗಿಯುತ್ತಿತ್ತು.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗೋಡೆಯೊಳಗೆ ಎರಡು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್, ಅಂದರೆ ಕ್ಯಾನ್ಸರಲ್ಲದ ಗಂಟು, ಕಂಡಿತ್ತು. ಒಳಪದರದ ದಪ್ಪ 17 ಮಿಲಿಮೀಟರ್. ಆಪರೇಷನ್ನಿಗೆ ಕಾರಣ ಅಂತ ಬರೆದದ್ದು ಆ ಫೈಬ್ರಾಯ್ಡನ್ನು. ಹಿಮೋಗ್ಲೋಬಿನ್ 7.1. ಈ ವಯಸ್ಸಿನ ಹೆಂಗಸಿಗೆ ಅದು 12 ಆದರೂ ಇರಬೇಕು.

ನಾಡಿ ಹೇಳಿದ್ದು

ಕಬ್ಬಿಣದ ಮಾತ್ರೆ ಬರೆದು ಕಳಿಸಿಬಿಡಬಹುದಿತ್ತು. ತಡೆದದ್ದು ನಾಡಿ. ನಿಮಿಷಕ್ಕೆ 58.

ಹಿಮೋಗ್ಲೋಬಿನ್ ಏಳಕ್ಕೆ ಇಳಿದವರ ಹೃದಯ ಸಾಮಾನ್ಯವಾಗಿ ಓಡುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ಕಮ್ಮಿಯಾದಾಗ, ಇರುವ ರಕ್ತವನ್ನೇ ಬೇಗ ಬೇಗ ತಿರುಗಿಸಲು ನೋಡುತ್ತದೆ. 95, 100, 110 ಇದ್ದರೆ ಆಶ್ಚರ್ಯವಿಲ್ಲ. 58 ಇದ್ದರೆ ಆಶ್ಚರ್ಯಪಡಬೇಕು. ಓಡಬೇಕಾದ ಹೃದಯವನ್ನು ಏನೋ ಹಿಡಿದು ನಿಲ್ಲಿಸಿದೆ ಎಂದು ಅರ್ಥ.

ಆಮೇಲೆ ಮುಖವನ್ನು ಸರಿಯಾಗಿ ನೋಡಿದೆ. ಕಣ್ಣಿನ ಸುತ್ತ ಊದಿತ್ತು. ದನಿ ಒಡೆದಿತ್ತು, ನೆಗಡಿ ಇರಬೇಕು ಎಂದುಕೊಂಡಿದ್ದೆ. "ಒಂದು ವರ್ಷದಿಂದ ಇದೇ ದನಿ" ಎಂದರು ಸುಜಾತ. ಚಳಿ ತಡೆಯಲ್ಲ, ಮಲಬದ್ಧತೆ, ಒಣಗಿದ ಚರ್ಮ, ಆರು ಕಿಲೋ ತೂಕ ಏರಿಕೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪಾದ ಥಟ್ಟನೆ ಜಿಗಿದು ಥಟ್ಟನೆ ವಾಪಸ್ ಬರಬೇಕು. ಇವರದ್ದು ಜಿಗಿಯಿತು, ವಾಪಸ್ ಬರುವಾಗ ಸೋಮಾರಿಯಂತೆ ನಿಧಾನ ಬಂತು. ಕುತ್ತಿಗೆ ಮುಟ್ಟಿದಾಗ ಥೈರಾಯ್ಡ್ ಗ್ರಂಥಿ ಸ್ವಲ್ಪ ದೊಡ್ಡದಾಗಿ, ಗಟ್ಟಿಯಾಗಿ ಸಿಕ್ಕಿತು.

ರಕ್ತ ಪರೀಕ್ಷೆ ಬಂತು. ಟಿಎಸ್‌ಎಚ್ 78. ಥೈರಾಯ್ಡ್ ತಯಾರಿಸುವ ಹಾರ್ಮೋನು ಫ್ರೀ ಟಿ4 ಬರೀ 0.3. ಪ್ರೊಲ್ಯಾಕ್ಟಿನ್ 41, ಅಂದರೆ ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ. ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಬಹಳ ಹೆಚ್ಚು. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ನಿಧಾನವಾಗಿ ಹಾಳು ಮಾಡುವ ಹಶಿಮೊಟೊ ಕಾಯಿಲೆ ಇದು.

ಟಿಎಸ್‌ಎಚ್ ಓದುವಾಗ ಬಹಳ ಜನ ಎಡವುತ್ತಾರೆ. ಅದು ಥೈರಾಯ್ಡ್ ಹಾರ್ಮೋನಲ್ಲ. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಕೊಡುವ ಆಜ್ಞೆ. ಥೈರಾಯ್ಡ್ ಮಾತು ಕೇಳದಿದ್ದಷ್ಟೂ ಆಜ್ಞೆಯ ದನಿ ಏರುತ್ತದೆ. ಸಾಮಾನ್ಯವಾಗಿ ಅದು 0.4ರಿಂದ 4.5ರ ಒಳಗೆ ಇರುತ್ತದೆ. 78 ಅಂದರೆ ಕಿರುಚಾಟ. ಉಲ್ಟಾ, ಥೈರಾಯ್ಡ್ ಹಾರ್ಮೋನು ದೇಹದಲ್ಲಿ ಮಿತಿಮೀರಿದರೆ ಆಜ್ಞೆ ಬಾಯಿ ಮುಚ್ಚುತ್ತದೆ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಹೋಗುತ್ತದೆ. ಈ ಎರಡನೇ ಮಾತು ಮುಂದೆ ಬೇಕಾಗುತ್ತದೆ.

ಕುತ್ತಿಗೆಯ ಗ್ರಂಥಿಗೂ ಗರ್ಭಕೋಶಕ್ಕೂ ಏನು ಸಂಬಂಧ?

ಇದನ್ನು ನಾದಿನಿಯೇ ಕೇಳಿದರು. ಸಂಶಯದ ದನಿಯಲ್ಲೇ ಕೇಳಿದರು. ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪ್ರತಿ ತಿಂಗಳು ಅಂಡಾಶಯದಿಂದ ಒಂದು ಅಂಡ ಹೊರಬರುತ್ತದೆ. ಅಂಡ ಬರುವ ಮುಂಚೆ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಹೊರಬಂದ ಮೇಲೆ ಪ್ರೊಜೆಸ್ಟೆರಾನ್ ಬಂದು ಆ ಬೆಳೆಯನ್ನು ನಿಲ್ಲಿಸಿ ಗಟ್ಟಿಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರದಲ್ಲಿ ಪ್ರೊಜೆಸ್ಟೆರಾನ್ ಇಳಿಯುತ್ತದೆ, ಒಳಪದರ ಒಟ್ಟಿಗೇ ಕಳಚುತ್ತದೆ. ಮುಟ್ಟು ಹೊತ್ತಿಗೆ ಸರಿಯಾಗಿ ಬಂದು, ನಾಲ್ಕೈದು ದಿನಕ್ಕೆ ನಿಲ್ಲುವುದು ಹೀಗೆ.

ಥೈರಾಯ್ಡ್ ಹಾರ್ಮೋನು ಕಮ್ಮಿಯಾದಾಗ ಮೆದುಳು ಟಿಎಸ್‌ಎಚ್ ಏರಿಸಲು ಒಂದು ಸಂದೇಶ ಕಳಿಸುತ್ತದೆ. ತೊಂದರೆ ಏನೆಂದರೆ, ಅದೇ ಸಂದೇಶಕ್ಕೆ ಪ್ರೊಲ್ಯಾಕ್ಟಿನ್ ಕೂಡ ಓಗೊಡುತ್ತದೆ. ಪ್ರೊಲ್ಯಾಕ್ಟಿನ್ ಎದೆಹಾಲಿನ ಹಾರ್ಮೋನು. ಅದು ಏರಿದರೆ ಅಂಡಾಶಯಕ್ಕೆ ಹೋಗಬೇಕಾದ ಸೂಚನೆಗಳು ತಾಳ ತಪ್ಪುತ್ತವೆ. ಕೆಲವು ತಿಂಗಳು ಅಂಡ ಬರುವುದೇ ಇಲ್ಲ. ಅಂಡ ಇಲ್ಲದಿದ್ದರೆ ಪ್ರೊಜೆಸ್ಟೆರಾನ್ ಇಲ್ಲ. ಒಳಪದರ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಸುಜಾತರದ್ದು 17 ಮಿಲಿಮೀಟರ್ ಆದದ್ದು ಹೀಗೆ. ಕೊನೆಗೆ ತನ್ನ ಭಾರಕ್ಕೆ ತಾನೇ ಇಲ್ಲಿಷ್ಟು ಅಲ್ಲಿಷ್ಟು ಕಿತ್ತು ಬೀಳುತ್ತದೆ. 50 ದಿನ ಬರದೆ, ಬಂದಾಗ ಹದಿನಾಲ್ಕು ದಿನ ನಿಲ್ಲದೆ ಇರುವುದು ಇದೇ ಕಾರಣಕ್ಕೆ.

ಇದರ ಜೊತೆಗೆ ಇನ್ನೊಂದಿದೆ. ಥೈರಾಯ್ಡ್ ತೀರ ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳೂ ಕಮ್ಮಿಯಾಗುತ್ತವೆ, ಮುಖ್ಯವಾಗಿ ವಾನ್ ವಿಲ್ಲೆಬ್ರಾಂಡ್ ಎಂಬುದು. ನಲ್ಲಿಯೂ ಬಿಟ್ಟಿದೆ, ಮುಚ್ಚುವ ವಾಷರೂ ಸವೆದಿದೆ ಅಂದ ಹಾಗೆ. ಸುಜಾತರನ್ನು ಕೇಳಿದರೆ, ಹಲ್ಲು ಉಜ್ಜುವಾಗ ವಸಡಿನಿಂದ ರಕ್ತ ಬರುವುದು, ಸೂಜಿ ಚುಚ್ಚಿದರೆ ಬೇಗ ನಿಲ್ಲದಿರುವುದು ಎರಡೂ ಇತ್ತು. ದರ್ಜಿಯ ಕೆಲಸದವರು, ಸೂಜಿ ಚುಚ್ಚುವುದು ದಿನದ ಮಾತು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಒಂದು ಎಚ್ಚರಿಕೆ. ಥೈರಾಯ್ಡ್ ಕಮ್ಮಿಯಾದವರಿಗೆಲ್ಲ ಹೀಗೆ ರಕ್ತ ಹರಿಯುತ್ತದೆ ಎಂದಲ್ಲ. ಎಷ್ಟೋ ಜನರಿಗೆ ಮುಟ್ಟಿನಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಕೆಲವರಿಗೆ ಮುಟ್ಟು ದೂರ ದೂರವಾಗುತ್ತದೆ, ರಕ್ತ ಜಾಸ್ತಿಯಾಗುವುದಿಲ್ಲ. ಕೊರತೆ ಎಷ್ಟು ತೀವ್ರ, ಎಷ್ಟು ದಿನದ್ದು ಎಂಬುದರ ಮೇಲೆ ಬಹಳ ನಿಂತಿದೆ. ಟಿಎಸ್‌ಎಚ್ 6 ಇರುವವರು ತಮ್ಮ ಹದಿನಾಲ್ಕು ದಿನದ ಮುಟ್ಟಿಗೆ ಥೈರಾಯ್ಡೇ ಕಾರಣ ಎಂದು ಕೂತರೆ ಬೇರೆ ಕಾರಣ ತಪ್ಪಿಹೋಗಬಹುದು. 78 ಇದ್ದವರ ವಿಷಯ ಬೇರೆ.

ಆಪರೇಷನ್ ಬೇಡ ಎಂದು ಹೇಳುವ ಮುಂಚೆ

ಥೈರಾಯ್ಡ್ ಸಿಕ್ಕಿತು ಅಂತ ಉಳಿದದ್ದನ್ನು ಬಿಡುವ ಹಾಗಿರಲಿಲ್ಲ. 41ರ ವಯಸ್ಸು, 17 ಮಿಲಿಮೀಟರ್ ದಪ್ಪ, ಎರಡು ವರ್ಷದಿಂದ ಅಂಕೆ ತಪ್ಪಿದ ಮುಟ್ಟು. ಒಳಪದರ ಹೀಗೆ ಬಹಳ ದಿನ ಬೆಳೆದರೆ ಅದರಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಆಗಿರಬಹುದು. ಅದಕ್ಕೆ ಸ್ತ್ರೀರೋಗ ತಜ್ಞೆಯೊಬ್ಬರ ಹತ್ತಿರ ಕಳಿಸಿ, ಒಳಪದರದ ಚೂರು ತೆಗೆಸಿ ಪರೀಕ್ಷೆ ಮಾಡಿಸಿದೆವು. ಕೆಟ್ಟದ್ದೇನೂ ಇರಲಿಲ್ಲ. ಅಂಡ ಬರದ ತಿಂಗಳುಗಳಲ್ಲಿ ಕಾಣುವ ಅಸ್ತವ್ಯಸ್ತ ಬೆಳವಣಿಗೆ ಅಷ್ಟೆ. ಫೈಬ್ರಾಯ್ಡ್ ಗೋಡೆಯೊಳಗೇ ಇತ್ತು, ಒಳಪದರವನ್ನು ಮುಟ್ಟುತ್ತಿರಲಿಲ್ಲ. ಅಷ್ಟು ಚಿಕ್ಕದು, ಅಂಥ ಜಾಗದಲ್ಲಿರುವುದು, ಇಷ್ಟು ರಕ್ತ ಹರಿಸುವುದಿಲ್ಲ ಎಂದು ಆ ತಜ್ಞೆಯೂ ಹೇಳಿದರು.

ಮನೆಯವರಿಗೆ ಆಪರೇಷನ್ನೇ ಸುಲಭ ಅನಿಸಿತ್ತು. "ಮಕ್ಕಳಾಗಿದೆ, ಇನ್ಯಾಕೆ ಅದು? ತೆಗೆಸಿದ್ರೆ ಒಂದೇ ಸಲಕ್ಕೆ ಮುಗೀತು" ಎಂದರು ಗಂಡ, ಫೋನಿನಲ್ಲಿ. ಅವರಿಗೆ ಎರಡು ಮಾತು ಹೇಳಿದೆ. ತೀವ್ರ ಥೈರಾಯ್ಡ್ ಕೊರತೆ ಇರುವಾಗ ಅರಿವಳಿಕೆ ಕೊಡುವುದು ಅಪಾಯ, ಎಚ್ಚರ ಬರಲು, ಉಸಿರಾಟ ಸರಿಯಾಗಲು ತಡವಾಗಬಹುದು. ಹಾಗಾಗಿ ಆಪರೇಷನ್ ಮಾಡಿಸುವುದಿದ್ದರೂ ಮೊದಲು ಥೈರಾಯ್ಡ್ ಸರಿಯಾಗಲೇಬೇಕು. ಥೈರಾಯ್ಡ್ ಸರಿಯಾದ ಮೇಲೂ ರಕ್ತ ನಿಲ್ಲದಿದ್ದರೆ ಆಗ ಮಾಡಿಸಿ, ನಾನೇ ಚೀಟಿ ಕೊಡುತ್ತೇನೆ ಎಂದೆ. ಆರು ತಿಂಗಳ ಗಡುವಿಗೆ ಒಪ್ಪಿದರು.

ಚಿಕಿತ್ಸೆ, ಮತ್ತು ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ

ಆಗ ಸುಜಾತರ ತೂಕ 64 ಕಿಲೋ. ಥೈರಾಯ್ಡ್ ಪೂರ್ತಿ ಸೋತವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಲೀವೊಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಥೈರಾಯ್ಡ್ ಹಾರ್ಮೋನು, ಬೇಕಾಗುತ್ತದೆ. ಲೆಕ್ಕ ಹಾಕಿದರೆ 102. ರಕ್ತ ಅಷ್ಟು ಕಮ್ಮಿ ಇರುವಾಗ ಹೃದಯವನ್ನು ಒಮ್ಮೆಲೇ ಓಡಿಸಬಾರದು ಎಂದು ಎರಡು ವಾರ 50 ಕೊಟ್ಟು, ಆಮೇಲೆ 100 ಮಾಡಿದೆ. ಜೊತೆಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ಮುಟ್ಟಿನ ಮೊದಲ ನಾಲ್ಕು ದಿನಕ್ಕೆ ರಕ್ತ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್. ಬೆಳೆದ ಒಳಪದರ ಒಮ್ಮೆ ಸರಿಯಾಗಿ ಕಳಚಲಿ ಎಂದು ಮೊದಲ ಎರಡು ತಿಂಗಳು ಹತ್ತು ಹತ್ತು ದಿನ ಪ್ರೊಜೆಸ್ಟೆರಾನ್ ಜಾತಿಯ ಮಾತ್ರೆ.

ಮಾರ್ಚ್ ಕೊನೆಗೆ ಟಿಎಸ್‌ಎಚ್ ನೋಡಿದರೆ 31. ಇಳಿದಿದೆ, ಆದರೆ 100 ಮೈಕ್ರೋಗ್ರಾಂ ತೆಗೆದುಕೊಂಡವರಲ್ಲಿ ಇಳಿಯಬೇಕಾದಷ್ಟು ಇಳಿದಿಲ್ಲ. ಮುಟ್ಟು ಒಂಬತ್ತು ದಿನಕ್ಕೆ ಬಂದಿತ್ತು. "ಮಾತ್ರೆ ತಪ್ಪದೆ ತಗೋತೀರಾ?" ಎಂದು ಕೇಳಿದೆ. "ಒಂದು ದಿನಾನೂ ಬಿಟ್ಟಿಲ್ಲ" ಎಂದರು. ಬಾಟಲಿ ತೋರಿಸಿದರು, ಉಳಿದ ಮಾತ್ರೆಯ ಲೆಕ್ಕವೂ ಸರಿ ಇತ್ತು. ಪ್ರಮಾಣ 125 ಮಾಡಿದೆ. ಮೇ ಕೊನೆಗೆ 14. 150 ಮಾಡಿದೆ. ಜುಲೈ ಕೊನೆಗೆ 3.4.

ಅಂತೂ ಗೆದ್ದೆವು ಅಂದುಕೊಂಡೆ. ಹಿಮೋಗ್ಲೋಬಿನ್ 11.8. ಮುಟ್ಟು 31 ದಿನಕ್ಕೆ ಬಂದು ಐದು ದಿನಕ್ಕೆ ನಿಂತಿತ್ತು. ಮುಖದ ಊತ ಹೋಗಿತ್ತು, ದನಿ ತಿಳಿಯಾಗಿತ್ತು. ಫೈಬ್ರಾಯ್ಡ್ ಎಲ್ಲಿತ್ತೋ ಅಲ್ಲೇ ಇತ್ತು, ಅಷ್ಟೇ ದೊಡ್ಡದಿತ್ತು. ಆಪರೇಷನ್ನಿನ ಮಾತು ಮನೆಯಲ್ಲಿ ನಿಂತುಹೋಯಿತು.

ನಾನು ಕೇಳಿದ್ದು ತಪ್ಪದೆ ತೆಗೆದುಕೊಳ್ಳುತ್ತೀರಾ ಎಂದು. ಕೇಳಬೇಕಾಗಿದ್ದದ್ದು ಹೇಗೆ ತೆಗೆದುಕೊಳ್ಳುತ್ತೀರಿ ಎಂದು. 64 ಕಿಲೋದವರಿಗೆ 100 ಸಾಕಾಗಬೇಕು, ಇವರಿಗೆ 150 ಏಕೆ ಬೇಕಾಯಿತು? ಆ ಪ್ರಶ್ನೆಗೆ ಉತ್ತರ ಹುಡುಕದೆ ಪ್ರಮಾಣ ಏರಿಸುತ್ತಾ ಹೋದೆ. ಸಂಖ್ಯೆ ಸರಿಯಾಯಿತು, ಕಾರಣ ಹಾಗೇ ಉಳಿಯಿತು.

ಸೆಪ್ಟೆಂಬರ್ ಮಧ್ಯದಲ್ಲಿ ಹಿಮೋಗ್ಲೋಬಿನ್ 12.9. ದೇಹದ ಕಬ್ಬಿಣದ ದಾಸ್ತಾನೂ ತುಂಬಿಕೊಂಡಿತ್ತು. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ನಿಲ್ಲಿಸಿ, ಥೈರಾಯ್ಡ್ ಮಾತ್ರೆ ಮಾತ್ರ ಮುಂದುವರಿಸಿ, ಆರು ತಿಂಗಳು ಬಿಟ್ಟು ಟಿಎಸ್‌ಎಚ್ ಮಾಡಿಸಿ ಬನ್ನಿ ಎಂದು ಬರೆದುಕೊಟ್ಟೆ.

ಮತ್ತೆ ಬಂದರು, ಈ ಸಲ ಉಲ್ಟಾ ದೂರು

ಆರು ತಿಂಗಳು ಕಾಯಲಿಲ್ಲ. ಜನವರಿ ಕೊನೆಗೆ ಒಬ್ಬರೇ ಬಂದರು. "ಡಾಕ್ಟ್ರೇ, ಮುಟ್ಟು ನಿಲ್ತಾ ಇದೆ ಅನ್ಸುತ್ತೆ. ಇಷ್ಟು ಬೇಗ ನಿಲ್ಲುತ್ತಾ? ನಮ್ಮಮ್ಮಂಗೆ ಐವತ್ತರಲ್ಲಿ ನಿಂತಿದ್ದು."

ಆ ಹೊತ್ತಿಗೆ ಅವರಿಗೆ ಗುರುತು ಹಾಕುವ ಅಭ್ಯಾಸವಾಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ದರ್ಜಿಯ ಕೆಂಪು ಚಾಕಿನಿಂದ ಗೆರೆ. ಅದರ ಫೋಟೋ ತಂದಿದ್ದರು. ಅಕ್ಟೋಬರಿನಲ್ಲಿ ನಾಲ್ಕು ಗೆರೆ. ನವೆಂಬರಿನಲ್ಲಿ ಎರಡು, ಎರಡನೆಯದು ಅರ್ಧ. ಡಿಸೆಂಬರ್ ಖಾಲಿ. ಜನವರಿಯಲ್ಲಿ ಒಂದು ಚುಕ್ಕೆ. ಒಂದು ದಿನ ಸ್ವಲ್ಪ ಕಲೆ ಆಗಿ ನಿಂತಿತ್ತಂತೆ. ಅಂಥ ಫೋಟೋ ಒಂದು ರಿಪೋರ್ಟಿನಷ್ಟೇ ಬೆಲೆಯುಳ್ಳದ್ದು.

ಅವರಿಗೆ ಇದು ತೊಂದರೆ ಅಂತಲೂ ಅನಿಸಿರಲಿಲ್ಲ. ಹದಿನಾಲ್ಕು ದಿನ ಒದ್ದಾಡಿದವರಿಗೆ ಒಂದೂವರೆ ದಿನದ ಮುಟ್ಟು ವರ ಇದ್ದ ಹಾಗೆ. ಮೂರು ತಿಂಗಳು ಸುಮ್ನೆ ಇದ್ದದ್ದು ಅದಕ್ಕೇ. ಬಂದದ್ದು ನಿದ್ದೆ ಇಲ್ಲದೆ, ಎದೆ ಡವಗುಟ್ಟಿ. "ಸೂಜಿಗೆ ದಾರ ಪೋಣಿಸೋಕೆ ಕೈ ನಿಲ್ಲಲ್ಲ" ಎಂದರು.

ನಾಡಿ 108. ಒಂದು ವರ್ಷದ ಹಿಂದೆ ಇದೇ ಕೈಯಲ್ಲಿ 58 ಎಣಿಸಿದ್ದೆ. ತೂಕ 58 ಕಿಲೋ. ಚಾಚಿದ ಬೆರಳುಗಳ ಮೇಲೆ ಕಾಗದ ಇಟ್ಟರೆ ಕಾಗದ ನಡುಗುತ್ತಿತ್ತು.

ಮೊದಲು ಮಾಡಿಸಿದ್ದು ಗರ್ಭದ ಪರೀಕ್ಷೆ. ಅವರಿಗೆ ನಗು ಬಂತು. ಆದರೆ ಥೈರಾಯ್ಡ್ ಸರಿಯಾದ ಮೇಲೆ ಅಂಡ ಬರುವುದು ಮತ್ತೆ ಶುರುವಾಗಿರುತ್ತದೆ, 42ರಲ್ಲಿ ತಪ್ಪಿದ ಮುಟ್ಟಿಗೆ ಮೊದಲ ಪ್ರಶ್ನೆ ಅದೇ. ಇರಲಿಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಏರುವ ಎಫ್‌ಎಸ್‌ಎಚ್ 7 ಇತ್ತು. ಆ ಒಂದು ಸಂಖ್ಯೆಯಿಂದ ಎಲ್ಲ ತೀರ್ಮಾನ ಆಗುವುದಿಲ್ಲ, ಆದರೂ ಅಂಡಾಶಯ ಕೈಬಿಟ್ಟಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಟಿಎಸ್‌ಎಚ್ 0.01. ಫ್ರೀ ಟಿ4 2.6. ಆಜ್ಞೆ ಬಾಯಿ ಮುಚ್ಚಿತ್ತು.

ಥೈರಾಯ್ಡ್ ಹಾರ್ಮೋನು ಜಾಸ್ತಿಯಾದಾಗ ಮುಟ್ಟು ತೆಳುವಾಗುವುದು ಏಕೆ ಎಂಬುದು ಕಮ್ಮಿಯಾದಾಗಿನಷ್ಟು ಸಲೀಸಾಗಿ ಹೇಳುವಂಥದ್ದಲ್ಲ. ಯಕೃತ್ತು ಒಂದು ಪ್ರೋಟೀನನ್ನು ಜಾಸ್ತಿ ಮಾಡಲು ಶುರುಮಾಡುತ್ತದೆ. ಅದು ಈಸ್ಟ್ರೊಜೆನ್ನಿನಂಥ ಹಾರ್ಮೋನುಗಳನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಟ್ಟು ಲೆಕ್ಕದಲ್ಲಿ ಹಾರ್ಮೋನು ಜಾಸ್ತಿ ಕಂಡರೂ ಕೈಗೆ ಸಿಗುವ ಪಾಲು ಅದೇ ರೀತಿ ಏರುವುದಿಲ್ಲ, ಮೆದುಳಿಗೂ ಅಂಡಾಶಯಕ್ಕೂ ನಡುವಿನ ಸಂದೇಶ ಕಲಸುತ್ತದೆ. ತೂಕ ಇಳಿಯುವುದೂ ಸೇರಿಕೊಳ್ಳುತ್ತದೆ. ಕೆಲವು ಹೆಪ್ಪುಗಟ್ಟಿಸುವ ಅಂಶಗಳು ಏರುತ್ತವೆ. ಒಟ್ಟಿನಲ್ಲಿ ರಕ್ತ ಕಮ್ಮಿ, ದಿನ ಕಮ್ಮಿ, ಕೆಲವು ತಿಂಗಳು ಚಕ್ಕರ್. ಇಲ್ಲೂ ಎಲ್ಲರಿಗೂ ಹೀಗೆ ಎಂದಲ್ಲ. 1990ರ ದಶಕದಲ್ಲಿ ಗ್ರೀಸಿನ ವೈದ್ಯರು ಥೈರಾಯ್ಡ್ ಜಾಸ್ತಿಯಾದ ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ನೋಡಿದಾಗ ಮುಟ್ಟು ಏರುಪೇರಾದವರು ಸುಮಾರು ಐದರಲ್ಲಿ ಒಬ್ಬರು. ಮುಟ್ಟು ತೆಳುವಾದ ಎಷ್ಟೋ ಜನರಲ್ಲಿ ಅಂಡ ಬರುತ್ತಲೇ ಇರುತ್ತದೆ. ಮುಟ್ಟು ಇಲ್ಲ ಅಂದರೆ ಗರ್ಭ ನಿಲ್ಲಲ್ಲ ಎಂದುಕೊಂಡು ನಿರೋಧಕ ಬಿಟ್ಟವರು ಆಮೇಲೆ ಪೇಚಾಡುತ್ತಾರೆ.

ಕಾಫಿ ಲೋಟದಲ್ಲಿದ್ದ ಉತ್ತರ

ಈಗ ಎರಡು ದಾರಿ ಇತ್ತು. ಒಂದು, ನಾನು ಕೊಟ್ಟ ಮಾತ್ರೆಯೇ ಜಾಸ್ತಿಯಾಗಿದೆ. ಇನ್ನೊಂದು, ಸೋತಿದ್ದ ಥೈರಾಯ್ಡೇ ತಿರುಗಿಬಿದ್ದು ಜಾಸ್ತಿ ಕೆಲಸ ಮಾಡುತ್ತಿದೆ. ಹಶಿಮೊಟೊ ಇದ್ದವರಲ್ಲಿ ಅಪರೂಪಕ್ಕೆ ಹಾಗಾಗುತ್ತದೆ, ಗ್ರೇವ್ಸ್ ಕಾಯಿಲೆಯ ಕಡೆಗೆ ವಾಲುತ್ತದೆ. ಅದರ ಗುರುತು ಸಿಗಲಿಲ್ಲ, ಕಣ್ಣು ಮುಂದೆ ಬಂದಿರಲಿಲ್ಲ. ಗ್ರಂಥಿಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ರಕ್ತ ಹರಿಯುವ ಸದ್ದು ಇರಲಿಲ್ಲ. ಗ್ರಂಥಿ ಮೊದಲಿನಂತೆ ಗಟ್ಟಿ, ಮೊದಲಿಗಿಂತ ಚಿಕ್ಕದು.

ಮಾತ್ರೆಯ ಲೆಕ್ಕ ಹಾಕಿದೆ. 58 ಕಿಲೋಗೆ 1.6ರಂತೆ 93. ಅವರು ತೆಗೆದುಕೊಳ್ಳುತ್ತಿದ್ದದ್ದು 150. ಆದರೆ ಜುಲೈಯಲ್ಲಿ ಇದೇ 150ಕ್ಕೆ ಟಿಎಸ್‌ಎಚ್ 3.4 ಇತ್ತಲ್ಲ? ತೂಕ ಆರು ಕಿಲೋ ಇಳಿದದ್ದರಿಂದ ಅಷ್ಟು ವ್ಯತ್ಯಾಸ ಬರುವುದಿಲ್ಲ. ಆಗ ಕೇಳಿದೆ, ಒಂದು ವರ್ಷ ತಡವಾಗಿ.

"ಬೆಳಗ್ಗೆ ಎದ್ದಾಗಿಂದ ಹೇಳಿ. ಮಾತ್ರೆ ಹೇಗೆ ತಗೋತೀರಿ?"

"ಈಗ ನೀರಲ್ಲಿ ತಗೋತೀನಿ, ಖಾಲಿ ಹೊಟ್ಟೆಗೆ. ನಮ್ಮ ಓರಗಿತ್ತಿ ಹೇಳಿದ್ಲು ಹಾಗೆ ತಗೋಬೇಕು ಅಂತ."

"ಮುಂಚೆ?"

"ಮುಂಚೆ ಮೂರೂ ಒಟ್ಟಿಗೆ ನುಂಗ್ತಿದ್ದೆ. ಕಾಫಿ ಜೊತೆ. ಕಬ್ಬಿಣದ್ದು ವಾಕರಿಕೆ ಬರೋದು, ಕಾಫಿ ಕುಡಿದ್ರೆ ಬರ್ತಿರಲಿಲ್ಲ."

ಓರಗಿತ್ತಿ ಯಾವಾಗ ಹೇಳಿದ್ದು? ದಸರಾಕ್ಕೆ ಬಂದಾಗ. ಕಬ್ಬಿಣ, ಕ್ಯಾಲ್ಸಿಯಂ ನಿಲ್ಲಿಸಿದ ಮೂರು ನಾಲ್ಕು ವಾರಕ್ಕೆ.

ಎಲ್ಲ ಅಲ್ಲೇ ಇತ್ತು. ಕಬ್ಬಿಣವೂ ಕ್ಯಾಲ್ಸಿಯಮ್ಮೂ ಹೊಟ್ಟೆಯಲ್ಲಿ ಲೀವೊಥೈರಾಕ್ಸಿನ್ನನ್ನು ಕಟ್ಟಿಹಾಕುತ್ತವೆ, ಅದು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ. ಕಾಫಿಯೂ ಅಷ್ಟಿಷ್ಟು ತಡೆಯುತ್ತದೆ. ಸೆಪ್ಟೆಂಬರಿನವರೆಗೂ ಅವರು ನುಂಗುತ್ತಿದ್ದ ಮಾತ್ರೆಯಲ್ಲಿ ಒಂದು ಪಾಲು ಮಾತ್ರ ದೇಹಕ್ಕೆ ಸಿಗುತ್ತಿತ್ತು. ಸೋರುವ ಬಿಂದಿಗೆಗೆ ನಾನು ನೀರು ಜಾಸ್ತಿ ಸುರಿಯುತ್ತಾ ಹೋದೆ. ಸೆಪ್ಟೆಂಬರಿನಲ್ಲಿ ತೂತು ನಾನೇ ಮುಚ್ಚಿದೆ, ದಸರಾದಲ್ಲಿ ಓರಗಿತ್ತಿ ಇನ್ನೊಂದು ತೂತು ಮುಚ್ಚಿದರು. ನೀರು ಸುರಿಯುವುದು ಮಾತ್ರ ಅಷ್ಟೇ ಇತ್ತು.

ಓರಗಿತ್ತಿ ಹೇಳಿದ್ದು ಸರಿಯಾದದ್ದೇ. ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ, ಕಬ್ಬಿಣ ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ. ಅದನ್ನು ಮೊದಲ ಸಲ ಬಂದಾಗಲೇ ನಾನು ಹೇಳಬೇಕಿತ್ತು. ಹೇಳಿದ್ದೆನೋ ಏನೋ, ಚೀಟಿಯಲ್ಲಿ "ಬೆಳಗ್ಗೆ 1" ಎಂದು ಮಾತ್ರ ಇದೆ. ಮೂರು ಮಾತ್ರೆಯ ಮುಂದೆಯೂ "ಬೆಳಗ್ಗೆ 1". ಅವರು ಚೀಟಿಯಲ್ಲಿದ್ದಂತೆ ಮಾಡಿದ್ದರು.

ಸರಿಪಡಿಸಿದ್ದು, ಕಾದದ್ದು

ಐದು ದಿನ ಮಾತ್ರೆ ನಿಲ್ಲಿಸಿ, ಆಮೇಲೆ 100 ಶುರುಮಾಡಿದೆ. ಐದು ದಿನ ಬಿಟ್ಟರೆ ಅಪಾಯವಿಲ್ಲ, ಲೀವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಪ್ರಮಾಣ ಬದಲಾಯಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ನೋಡುವುದೂ ಇದೇ ಕಾರಣಕ್ಕೆ. ಫ್ರೀ ಟಿ4 ಇಳಿಯದಿದ್ದರೆ ಗ್ರೇವ್ಸ್ ಪರೀಕ್ಷೆ ಮಾಡಿಸುವುದೆಂದು ಚೀಟಿಯಲ್ಲೇ ಬರೆದಿಟ್ಟೆ.

ಆರು ವಾರಕ್ಕೆ ಫ್ರೀ ಟಿ4 1.5, ಅಂದರೆ ಸರಿಹೋಗಿದೆ. ಟಿಎಸ್‌ಎಚ್ ಮಾತ್ರ 0.08. ಇನ್ನಷ್ಟು ಇಳಿಸಬೇಕೇ ಎಂದು ಅರ್ಧ ಮನಸ್ಸಾಯಿತು. ಇಳಿಸಲಿಲ್ಲ. ಬಹಳ ದಿನ ಬಾಯಿ ಮುಚ್ಚಿದ್ದ ಪಿಟ್ಯುಟರಿ ಮತ್ತೆ ಮಾತಾಡಲು ಹೊತ್ತು ತೆಗೆದುಕೊಳ್ಳುತ್ತದೆ. ಆ ನಡುವೆ ಟಿಎಸ್‌ಎಚ್ ಒಂದನ್ನೇ ನೋಡಿ ಪ್ರಮಾಣ ಇಳಿಸಿದರೆ ಮತ್ತೆ ಕೊರತೆಯ ಕಡೆಗೆ ತಳ್ಳಿದಂತೆ, ಮತ್ತೆ ಹದಿನಾಲ್ಕು ದಿನದ ಮುಟ್ಟಿನ ದಾರಿ. ನಾಡಿ 80ಕ್ಕೆ ಬಂದಿತ್ತು, ಕೈ ನಿಂತಿತ್ತು. ಅದನ್ನು ನಂಬಿ 100ನ್ನೇ ಮುಂದುವರಿಸಿದೆ. ಇನ್ನು ಐದು ವಾರಕ್ಕೆ, ಏಪ್ರಿಲ್ ಕೊನೆಯಲ್ಲಿ, ಟಿಎಸ್‌ಎಚ್ 1.9.

ಮುಟ್ಟು ರಕ್ತ ಪರೀಕ್ಷೆಗಿಂತ ಸ್ವಲ್ಪ ಹಿಂದೆ ಹಿಂದೆ ನಡೆಯುತ್ತದೆ. ಎರಡೂ ಸಲ ನಾನು ಕಂಡದ್ದು ಅದೇ. ಮಾರ್ಚಿನಲ್ಲಿ ಎರಡು ದಿನ. ಏಪ್ರಿಲಿನಲ್ಲಿ 30 ದಿನಕ್ಕೆ ಬಂದು ನಾಲ್ಕು ದಿನ.

ಈ ಪ್ರಕರಣದ ನಂತರ

ಮುಟ್ಟು ವಿಪರೀತ ಹೋಗುವವರಿಗೆ ಕಬ್ಬಿಣ ಕೊಡುವುದು, ಥೈರಾಯ್ಡ್ ಕಮ್ಮಿ ಇದ್ದವರಿಗೆ ಲೀವೊಥೈರಾಕ್ಸಿನ್ ಕೊಡುವುದು, ಎರಡೂ ಒಬ್ಬರಲ್ಲೇ ಇದ್ದಾಗ ಒಂದು ಇನ್ನೊಂದರ ಕಾಲಿಗೆ ಅಡ್ಡ ಬರುತ್ತದೆ. ಇದು ಹೊಸ ವಿಷಯವಲ್ಲ, ಓದುವಾಗಲೇ ಕಲಿತದ್ದು. ನಾನು ಮರೆತದ್ದು ಇನ್ನೊಂದು ತುದಿ. ಕಬ್ಬಿಣ ಶುರುಮಾಡುವಾಗ ಎಚ್ಚರ ಇರುತ್ತದೆ, ನಿಲ್ಲಿಸುವಾಗ ಇರುವುದಿಲ್ಲ. ಈಗ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರ ಕಬ್ಬಿಣ ಅಥವಾ ಕ್ಯಾಲ್ಸಿಯಂ ನಿಲ್ಲಿಸಿದ ದಿನವೇ, ಆರು ವಾರದ ಮೇಲಿನ ಒಂದು ತಾರೀಖು ಬರೆದುಕೊಡುತ್ತೇನೆ, ಟಿಎಸ್‌ಎಚ್ ಪರೀಕ್ಷೆಗೆ. ತೂಕಕ್ಕೆ ತಕ್ಕ ಲೆಕ್ಕಕ್ಕಿಂತ ತುಂಬ ಜಾಸ್ತಿ ಮಾತ್ರೆ ಬೇಕಾಗುತ್ತಿದ್ದರೆ ಪ್ರಮಾಣ ಏರಿಸುವ ಮುಂಚೆ ಬೆಳಗಿನ ದಿನಚರಿ ಕೇಳುತ್ತೇನೆ. ಚೀಟಿಯಲ್ಲಿ "ಬೆಳಗ್ಗೆ 1" ಎಂದು ಬರೆಯುವುದಿಲ್ಲ. "ಎದ್ದ ಕೂಡಲೇ, ನೀರಿನಲ್ಲಿ" ಎಂದು ಬರೆಯುತ್ತೇನೆ. ಕಬ್ಬಿಣದ ಮಾತ್ರೆಯ ಮುಂದೆ "ಮಧ್ಯಾಹ್ನ".

ಇನ್ನೊಂದು, ಮುಟ್ಟು ಕಮ್ಮಿಯಾದದ್ದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಜಾಸ್ತಿಯಾದರೆ ಓಡಿ ಬರುತ್ತಾರೆ. ಥೈರಾಯ್ಡ್ ಮಾತ್ರೆಯವರನ್ನು ಈಗ ನಾನೇ ಕೇಳುತ್ತೇನೆ, ಹೋದ ತಿಂಗಳು ಎಷ್ಟು ದಿನ, ಅದಕ್ಕೆ ಹಿಂದಿನ ತಿಂಗಳು ಎಷ್ಟು ದಿನ. ಐದು ಇದ್ದದ್ದು ಎರಡಕ್ಕೆ ಬಂದಿದ್ದರೆ ನಾಡಿ ಹಿಡಿಯುತ್ತೇನೆ.

ಸುಜಾತರ ಗರ್ಭಕೋಶ ಇದ್ದಲ್ಲೇ ಇದೆ, ಅದರ ಗೋಡೆಯ ಫೈಬ್ರಾಯ್ಡೂ ಇದೆ. ವರ್ಷಕ್ಕೊಮ್ಮೆ ಸ್ಕ್ಯಾನಿಂಗ್. ಹೋದ ಸಲ ಬಂದಾಗ ನಾದಿನಿಯೂ ಜೊತೆಗಿದ್ದರು. ಅತ್ತಿಗೆಯ ಕ್ಯಾಲೆಂಡರ್ ನೋಡಿ ತಾವೂ ಗೆರೆ ಹಾಕಲು ಶುರುಮಾಡಿದ್ದಾರಂತೆ. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದರು. ಸೆಪ್ಟೆಂಬರಿನಲ್ಲಿ ಎಂಟು ಗೆರೆ, ಅಕ್ಟೋಬರಿನಲ್ಲಿ ಹತ್ತು. ಅವರದ್ದೂ ಒಂದು ಟಿಎಸ್‌ಎಚ್ ಬರೆದುಕೊಟ್ಟೆ.